ಕೆರೆ ಸ್ವಚ್ಛತೆಯ ಬ್ಯಾನರಿಗೆ ಯಾವ ಗಾದೆ?

> ‘ಹನಿ ಹನಿ ಗೂಡಿದರೆ ಹಳ್ಳ’ ಹಾಕಿದ್ವಿ, ಜನ ಉಳಿತಾಯದ ಜಾಹೀರಾತು ಅಂದ್ಕೊಂಡ್ರು. ಬೇರೆ ಯಾವುದು ಹಾಕೋದು?

ಆ ಗಾದೆ ಹಣ ಕೂಡಿಡುವ ಮಾತಿಗೇ ಬಳಸಿ ಸವೆದಿದೆ, ತೊಂದರೆ ಅಲ್ಲೇ ಇರಬೇಕು. ‘ಹತ್ತು ಜನರ ಹುಲ್ಲುಕಡ್ಡಿ, ಒಬ್ಬನ ತಲೆಹೊರೆ’ ಹಾಕಿ. ಹತ್ತು ಜನಕ್ಕೆ ಕಡ್ಡಿಯಷ್ಟಿದ್ದದ್ದು ಒಬ್ಬನಿಗೆ ಹೊರೆ. ಕಳೆ, ಕಸ ಎತ್ತುವ ಕೆಲಸಕ್ಕೆ ನೇರ ಕೂರುತ್ತದೆ. ಕೆಲವರು ‘ಒಬ್ಬನಿಗೆ ತಲೆಹೊರೆ’ ಎನ್ನುತ್ತಾರೆ, ಎರಡೂ ನಡೆಯುತ್ತದೆ.

ಬರೀ ಗಾದೆಯಿದ್ದರೆ ಓದಿ ಮುಂದೆ ಹೋಗುತ್ತಾರೆ. ಕೆಳಗೆ ಆ ದಿನದ ಪಾಲು ಬರೆಯಿರಿ: ‘ತಲೆಗೊಂದು ಚೀಲ, 40 ಜನಕ್ಕೆ 40 ಚೀಲ’.

ಗಾದೆಯನ್ನು ಅಲ್ಪವಿರಾಮದ ಬಳಿ ಮುರಿದು ಎರಡು ಸಾಲು ಮಾಡಿಸಿ. ‘ಹುಲ್ಲುಕಡ್ಡಿ’ಯ ಒತ್ತಕ್ಷರಗಳು ಕೆಳಸಾಲಿನ ತಲೆಗೆ ತಾಗುತ್ತವೆ, ಹಾಗಾಗಿ ನಡುವೆ ಜಾಗ ಬಿಡಿಸಿ. 10 ಮೀಟರ್ ದೂರದಿಂದ ಓದಬೇಕಾದರೆ ಅಕ್ಷರ ಸುಮಾರು 8 ಸೆಂ.ಮೀ. ಎತ್ತರವಿರಲಿ.