ಜರ್ಮನ್ ಸೊಸೆಗೆ ಅರಸೀಕೆರೆ ಕನ್ನಡ: ಎಲ್ಲಿಂದ ಶುರು ಮಾಡೋದು

"ಸರ್, ಸ್ಟಟ್‌ಗಾರ್ಟ್‌ಗೆ ಬಂದು ಎರಡು ವರ್ಷ ಆಯ್ತು, ಹೆಂಡ್ತಿ ಇಲ್ಲಿಯವಳೇ. ಡಿಸೆಂಬರ್‌ನಲ್ಲಿ ಮೊದಲ್ನೇ ಸಲ ಅರಸೀಕೆರೆಗೆ ಕರ್ಕೊಂಡ್ ಹೋಗ್ತಿದೀನಿ, ಅಪ್ಪ ಅಮ್ಮಂಗೆ ಇಂಗ್ಲಿಷ್ ಬರಲ್ಲ. ನಮಸ್ಕಾರ, ಹೇಗಿದ್ದೀರಾ, ಧನ್ಯವಾದ ಹೇಳ್ಕೊಟ್ಟಿದೀನಿ. ಇಷ್ಟು ಸಾಕಾ? ಈ ನೀನು-ನೀವು ಹೇಗೆ ಅರ್ಥ ಮಾಡ್ಸೋದು? ಅವಳು ಮಾತಾಡಿದ್ರೆ ನಮ್ಮಮ್ಮಂಗೆ ಫೋನಲ್ಲಿ ಅರ್ಧ ತಿಳಿಯಲ್ಲ."

ನಾನು ತಿಪಟೂರು ಕಡೆಯವನು, ಇಲ್ಲಿಗೆ ಬಂದು ಹದಿನಾಲ್ಕು ವರ್ಷ ಆಯ್ತು, ನನ್ನ ಹೆಂಡ್ತೀನೂ ಸ್ಟಟ್‌ಗಾರ್ಟ್ ಹತ್ರದವಳೇ, ಹಂಗಾಗಿ ನೀವು ಈಗ ಮಾಡ್ತಿರೋ ತಪ್ಪೆಲ್ಲಾ ನಾನು ಆಗ್ಲೇ ಮಾಡಿ ಮುಗಿಸಿದೀನಿ. ಮೊದಲು ಆ ಧನ್ಯವಾದ ಬಿಟ್ಟಾಕಿ. ಅಮ್ಮ ಕಾಫಿ ಕೊಟ್ಟಾಗ ನೀವು ಯಾವತ್ತಾದ್ರೂ ಧನ್ಯವಾದ ಅಂದಿದೀರಾ? ಇಲ್ಲಿಯವ್ರಿಗೆ ಮಾತಿಗೊಂದು ಡಾಂಕೆ ಹೇಳಿ ಅಭ್ಯಾಸ, ಅದನ್ನೇ ಕನ್ನಡಕ್ಕೆ ತಂದು ಲೋಟ ಲೋಟಕ್ಕೂ ಧನ್ಯವಾದ ಅಂತಿದ್ರೆ ನಿಮ್ಮಮ್ಮಂಗೆ ಮನೇಗೆ ತಹಸೀಲ್ದಾರ್ ಬಂದ ಹಾಗೆ ಅನ್ಸತ್ತೆ. ಲೋಟ ತಗೊಂಡು ಒಂದು ನಗು, ಒಂದು ಗುಟುಕು ಕುಡಿದು "ಚೆನ್ನಾಗಿದೆ ಅತ್ತೆ" ಅಂದ್ರೆ ಮುಗೀತು.

ನೀನು-ನೀವು ವಿಷಯಕ್ಕೆ ಬರೋಣ. ಜರ್ಮನ್‌ನಲ್ಲಿ ದೂ, ಝೀ ಇದ್ಯಲ್ಲ, ಅದೇ ಇದು ಅಂತ ಹೇಳ್ಕೊಟ್ರೆ ಅರ್ಧ ಸರಿ, ಅರ್ಧ ಅಪಾಯ. ಅವರಲ್ಲಿ ಅದು ಕೊಟ್ಟು ತಗೊಳೋ ಲೆಕ್ಕ. ನನ್ನ ಅತ್ತೆ, ಅಂದ್ರೆ ಇವಳ ತಾಯಿ, ಶುರುನಲ್ಲಿ ನನ್ ಜೊತೆ ಝೀ ಅಂತಿದ್ರು, ಆಮೇಲೊಂದಿನ ಗ್ಲಾಸ್ ಎತ್ತಿ ಇನ್ಮೇಲೆ ದೂ ಅನ್ನು ಅಂದ್ರು, ಅವತ್ತಿಂದ ನಾನೂ ದೂ ಅವ್ರೂ ದೂ, ಹೆಸರು ಹಿಡಿದೇ ಕರೆಯೋದು. ದೊಡ್ಡವರು ದೂ ಅಂದ್ರೆ ತಿರುಗಿ ದೂ ಅನ್ಲೇಬೇಕು, ಅನ್ನದಿದ್ರೆ ದೂರ ಇಟ್ಟ ಹಾಗೆ. ನಮ್ಮಲ್ಲಿ ಉಲ್ಟಾ. ಅತ್ತೆ ಸೊಸೇನ "ಬಾ, ಕೂತ್ಕೋ, ತಿನ್ನು" ಅಂತಾರೆ, ಸೊಸೆ "ಬನ್ನಿ, ಕೂತ್ಕೊಳ್ಳಿ, ತಗೊಳ್ಳಿ" ಅಂತಾಳೆ, ಮೂವತ್ತು ವರ್ಷ ಆದ್ರೂ ಬದಲಾಗಲ್ಲ, ಇಬ್ರಿಗೂ ಅದರಲ್ಲಿ ದೂರ ಅಂತ ಅನ್ಸೋದೂ ಇಲ್ಲ. ಈ ಒಂದು ವಿಷಯ ಹೇಳದೆ ಬಿಟ್ರೆ ಏನಾಗತ್ತೆ ಗೊತ್ತಾ, ಕಿವಿಗೆ ಬಿದ್ದಿದ್ದನ್ನೇ ಕಲಿಯೋದಲ್ವಾ, ನಿಮ್ಮಮ್ಮ ದಿನಕ್ಕೆ ಐವತ್ತು ಸಲ ಬಾ ಅಂತಾರೆ, ಮೂರನೇ ದಿನ ಇವಳು ಪ್ರೀತಿಯಿಂದ ಅಡುಗೆಮನೆಯಿಂದ್ಲೇ "ಅತ್ತೆ, ಬಾ!" ಅಂತ ಕೂಗ್ತಾಳೆ. ನಮ್ಮನೇಲಿ ಹಾಗೇ ಆಯ್ತು. ಅಮ್ಮ ನಕ್ಕರು, ಪಕ್ಕದಲ್ಲಿದ್ದ ದೊಡ್ಡಮ್ಮ ನಗ್ಲಿಲ್ಲ.

(ನೀವು ಹೆಣ್ಣಾಗಿ ಜರ್ಮನ್ ಗಂಡನ್ನ ಕರ್ಕೊಂಡ್ ಹೋಗೋದಾಗಿದ್ರೆ ಇಷ್ಟು ಕಷ್ಟ ಇರ್ತಿರ್ಲಿಲ್ಲ. ಎಷ್ಟೋ ಮನೇಲಿ ಅಳಿಯಂಗೆ ಅತ್ತೆ ಮಾವಾನೇ ಬನ್ನಿ ಹೋಗಿ ಅಂತಾರೆ, ಅವನು ಕೇಳಿದ್ದನ್ನ ಹಾಗೇ ವಾಪಸ್ ಹೇಳಿದ್ರೂ ನಡಿಯತ್ತೆ. ಅನ್ಯಾಯ ಹೌದು, ಇರೋದು ಹೀಗೆ.)

ಅದಕ್ಕೇ ನೀನು, ನೀವು ಅನ್ನೋ ಪದ ಕಲಿಸ್ಬೇಡಿ. ಮಾತಾಡೋವಾಗ ನಾವೇ ಆ ಪದ ಅರ್ಧಕ್ಕರ್ಧ ಬಿಟ್ಬಿಡ್ತೀವಿ, ಮರ್ಯಾದೆ ಎಲ್ಲಾ ಕ್ರಿಯಾಪದದ ಬಾಲದಲ್ಲಿರತ್ತೆ. ಐದು ಮಾತು ಸಾಕು: ಬನ್ನಿ, ಕೂತ್ಕೊಳ್ಳಿ, ತಗೊಳ್ಳಿ, ಕೊಡಿ, ಹೇಳಿ. ಎಲ್ಲದರ ಕೊನೇಲೂ ಇ ಬರತ್ತೆ, "ಇ ಇಲ್ದಿದ್ರೆ ಅದು ಮಕ್ಕಳಿಗೆ, ನಾಯಿಗೆ, ನಂಗೆ" ಅಂತ ನಾನು ಹೇಳ್ಕೊಟ್ಟೆ, ಅದು ಚೆನ್ನಾಗಿ ನೆನಪುಳೀತು.

ಇದಕ್ಕಿಂತ ಒಳ್ಳೆ ಉಪಾಯ ಇನ್ನೊಂದಿದೆ, ನಂಗೆ ಹೊಳೆದಿದ್ದು ಎರಡನೇ ಟ್ರಿಪ್‌ನಲ್ಲಿ. ಕನ್ನಡದಲ್ಲಿ ಬಾಲವೇ ಇಲ್ಲದ ಮಾತು ಎಷ್ಟೊಂದಿವೆ, ಅಂಥದ್ರಲ್ಲಿ ಮರ್ಯಾದೆ ತಪ್ಪೋಕೆ ಜಾಗಾನೇ ಇಲ್ಲ. "ಊಟ ಆಯ್ತಾ?" ಅಂತ ಮಗೂಗೂ ಕೇಳ್ಬಹುದು, ಮಠದ ಸ್ವಾಮಿಗಳಿಗೂ ಕೇಳ್ಬಹುದು. "ಕಾಫಿ ಬೇಕಾ?", "ಸಾಕಾ?", "ಇದು ಏನು?", "ನಾನು ಮಾಡ್ಲಾ?" ಎಲ್ಲಾ ಅದೇ ಜಾತಿ. ಮೊದಲು ಇವನ್ನ ಕಲಿಸಿ, ಧೈರ್ಯ ಬಂದ್ಮೇಲೆ ಬನ್ನಿ ಕೂತ್ಕೊಳ್ಳಿ.

ಎದುರಿಗೆ ಇಲ್ಲದವರ ಬಗ್ಗೆ ಮಾತಾಡೋವಾಗಂತೂ ಈ ಉಪಾಯ ತುಂಬಾ ಉಪಯೋಗಕ್ಕೆ ಬರತ್ತೆ, ಯಾಕಂದ್ರೆ ಜರ್ಮನ್‌ನಲ್ಲಿ ಅವನು ಅವರು ಅಂತ ಎರಡು ದರ್ಜೆ ಇಲ್ಲ, ರಾಷ್ಟ್ರಪತಿಗೂ ಏರ್, ಪೋಸ್ಟ್‌ಮ್ಯಾನ್‌ಗೂ ಏರ್. "ಮಾವ ಎಲ್ಲಿ?" ಅಂತ ಯಾರೋ ಕೇಳಿದ್ರೆ "ಹೊರಗೆ ಹೋದ" ಅಂತ ಬಂದ್ಬಿಡತ್ತೆ. ಅಲ್ಲಿ "ಹೋದ್ರು" ಅನ್ಬೇಕು, ಇದನ್ನ ಬಾಯಿಪಾಠ ಮಾಡಿಸಿ. ಇನ್ನು ನಿಮ್ಮ ಬಗ್ಗೆ. ನಿಮ್ಮಮ್ಮ ನಿಮ್ಮನ್ನ ಅವ್ನು ಅಂತಾರೆ, ಅದನ್ನೇ ಕೇಳಿ ಇವಳೂ ಊರಿನ ಹಿರಿಯರ ಮುಂದೆ "ಅವ್ನು ಮಲಗಿದಾನೆ" ಅಂತಾಳೆ. ಬೆಂಗಳೂರಲ್ಲಿ ಗಂಡನ್ನ ಅವನು ಅನ್ನೋದು ಈಗ ಮಾಮೂಲು, ಅರಸೀಕೆರೆ ಪಕ್ಕದ ಹಳ್ಳೀಲಿ ಅಜ್ಜಿ ಮುಂದೆ ಅಷ್ಟು ಮಾಮೂಲಲ್ಲ. ಅವರು ಅಂತ ಹೇಳ್ಸೋಕೆ ನಿಮಗೂ ಮುಜುಗರ, ಅವಳಿಗೂ ನಗು. ಆಗ ಇಲ್ಲ ಹಾಕಿ ಹೇಳೋದು ಕಲಿಸಿ: "ಇನ್ನೂ ಎದ್ದಿಲ್ಲ", "ಬಂದಿಲ್ಲ", "ಊಟ ಮಾಡಿಲ್ಲ". ಇಲ್ಲ ಬಂದ ಕಡೆ ಅವನು ಅವಳು ಅವರು ಯಾವುದೂ ಕಾಣಲ್ಲ, ಎದ್ದಿಲ್ಲದೋನು ಗಂಡನೋ ಮಾವನೋ ಬೆಕ್ಕೋ, ಮಾತು ಒಂದೇ.

ಈಗ ಉಚ್ಚಾರಣೆ. ನಿಮ್ಮಮ್ಮಂಗೆ ಯಾಕೆ ತಿಳಿಯಲ್ಲ ಅನ್ನೋದಕ್ಕೆ ಅತ್ತೆ ಅನ್ನೋ ಒಂದೇ ಪದ ತಗೊಳ್ಳಿ, ಎಲ್ಲಾ ಕಷ್ಟ ಅದರಲ್ಲೇ ಇದೆ.

ಒಂದು, ಒತ್ತಕ್ಷರ. ಜರ್ಮನ್‌ನಲ್ಲಿ ಎರಡು ಟಿ ಬರೆದ್ರೂ ಎರಡು ಸಲ ಒತ್ತಲ್ಲ, ಹಿಂದಿನ ಸ್ವರ ಚಿಕ್ಕದು ಅನ್ನೋ ಗುರುತು ಅಷ್ಟೆ, ಹಂಗಾಗಿ ಅತ್ತೆ ಹೋಗಿ ಅತೆ ಆಗತ್ತೆ, ಅಜ್ಜಿ ಅಜಿ, ಅಕ್ಕ ಅಕ. ಅತ್ ಅಂದು ನಾಲಿಗೆ ಅಲ್ಲೇ ಒಂದು ಕ್ಷಣ ನಿಲ್ಲಿಸಿ ಆಮೇಲೆ ತೆ ಬಿಡೋಕೆ ಹೇಳಿ. ಹಾಸಿಗೆ ಮೇಲಿನ ಬಟ್ಟೆಗೆ ಅವರು ಬೆಟ್-ಟೂಖ್ ಅಂತಾರಲ್ಲ, ಅದನ್ನ ನಿಧಾನಕ್ಕೆ ಹೇಳಿಸಿದ್ರೆ ನಡುವೆ ನಾಲಿಗೆ ನಿಲ್ಲೋದು ಅವಳಿಗೇ ಗೊತ್ತಾಗತ್ತೆ, ಅದೇ ಒತ್ತು ಅಂತ ತೋರ್ಸಿ.

ಎರಡು, ತ. ಎಲ್ಲಾರೂ ಟ ಠ ಡ ಕಷ್ಟ ಅಂತಾರೆ, ಜರ್ಮನ್ನರಿಗೆ ಕಷ್ಟ ಇರೋದು ತ ದ. ಅವರ ಟಿ ಹುಟ್ಟೋದು ಹಲ್ಲಿನ ಹಿಂದಿನ ವಸಡಿನಲ್ಲಿ, ನಮ್ಮ ಕಿವಿಗೆ ಅದು ಟ ಥರಾನೇ ಕೇಳತ್ತೆ. ಅದಕ್ಕೇ ಊಟ ಮೊದಲ ದಿನಾನೇ ಚೆನ್ನಾಗಿ ಬರತ್ತೆ, ಅತ್ತೆ ಮಾತ್ರ ಅಟ್ಟ ಹತ್ತಿ ಕೂರತ್ತೆ. ನಾಲಿಗೆ ತುದಿ ಮೇಲಿನ ಹಲ್ಲಿಗೆ ತಾಗ್ಬೇಕು, ಕನ್ನಡಿ ಮುಂದೆ ನಿಲ್ಲಿಸಿ, ತುದಿ ಹಲ್ಲಿನ ಕೆಳಗೆ ಒಂಚೂರು ಕಂಡ್ರೂ ಪರ್ವಾಗಿಲ್ಲ. ಜೊತೆಗೆ ಅವರ ಕ, ಪ, ಟ ಪದದ ಶುರುನಲ್ಲಿ ಗಾಳಿ ಸೇರಿಸ್ಕೊಂಡೇ ಬರತ್ತೆ, ಕಾಫಿ ಖಾಫಿ ಆಗತ್ತೆ. ಬಾಯಿ ಮುಂದೆ ಟಿಶ್ಯೂ ಪೇಪರ್ ಹಿಡೀರಿ, ಅದು ಅಲ್ಲಾಡಬಾರ್ದು.

ಮೂರು, ಕೊನೇ ಎ. ಜರ್ಮನ್ ಪದದ ಕೊನೇಲಿ ಬರೋ ಎ ಅಕ್ಷರವನ್ನ ನುಂಗಿಬಿಡ್ತಾರೆ, ಹಾಗಾಗಿ ಅತ್ತೆ ಅನ್ನೋದು ಅತ್ತ ಅಂತ ಕೇಳ್ಸತ್ತೆ. ನಿಮ್ಮಮ್ಮ ಫೋನಲ್ಲಿ "ಯಾರು ಅತ್ತದ್ದು?" ಅಂತ ಗಾಬರಿಯಾದ್ರೆ ಇದೇ ಕಾರಣ. ಕಫೇ ಅನ್ನೋವಾಗ ಕೊನೇಲಿ ಬರೋ ಎ ಸ್ಪಷ್ಟ ಇರತ್ತಲ್ಲ, ಅದೇ ಎ, ಆದ್ರೆ ಎಳೀದೆ.

ದಿನಕ್ಕೆ ಹತ್ತು ನಿಮಿಷದ ಹಾಗೆ ಒಂದು ವಾರ ಇದೊಂದೇ ಪದ ಮಾಡಿಸಿ. ಇದು ಕೂತ್ರೆ ಅಪ್ಪ, ಅಜ್ಜಿ, ತಿಂಡಿ, ನಿಮ್ದು, ಚೆನ್ನಾಗಿದೆ ಎಲ್ಲಾ ತಾನೇ ದಾರಿಗೆ ಬರತ್ತೆ. ಆದ್ರೆ ಮೊದಲು ಅಮ್ಮನ್ನ ಕೇಳಿ, ಅತ್ತೆ ಅನ್ನಿಸ್ಕೊಳ್ಳೋಕೆ ಇಷ್ಟಾನೋ ಅಮ್ಮ ಅನ್ನಿಸ್ಕೊಳ್ಳೋಕೋ ಅಂತ, ವಾರವೆಲ್ಲಾ ಅತ್ತೆ ಉಜ್ಜಿಸಿದ್ಮೇಲೆ ಅವರು "ಅಮ್ಮ ಅನ್ಲಿ ಬಿಡೋ" ಅಂದ್ರೆ ಹೆಂಡ್ತಿ ನಿಮ್ಮನ್ನ ಸುಮ್ನೆ ಬಿಡಲ್ಲ. ಸ ಬಗ್ಗೆ ತಲೆ ಕೆಡಿಸ್ಕೋಬೇಡಿ, ಉತ್ತರದ ಕಡೆಯವರು ಸಾಕು ಅನ್ನೋದನ್ನ ಝಾಕು ಅಂತಾರೆ, ನಿಮ್ಮವಳು ಸ್ಟಟ್‌ಗಾರ್ಟ್‌ನವಳು ಅಂದ್ರೆ ಸ ಸರಿಯಾಗೇ ಬರತ್ತೆ.

ಳ ಒಂದನ್ನ ಮಾತ್ರ ನಿರ್ಲಕ್ಷ್ಯ ಮಾಡ್ಬೇಡಿ. ಬಾಳೆಹಣ್ಣು ಬಾಲೆಹಣ್ಣಾದ್ರೆ ಯಾರಿಗೂ ನಷ್ಟ ಇಲ್ಲ. ಆದ್ರೆ ಹೊಸದಾಗಿ ಭಾಷೆ ಕಲಿಯೋರು ಅತಿ ಹೆಚ್ಚು ಹೇಳೋ ಮಾತು "ಇನ್ನೊಂದ್ಸಲ ಹೇಳಿ". ನನ್ನ ಹೆಂಡ್ತಿ ತುಂಬಿದ ಪಡಸಾಲೇಲಿ, ಎಂಬತ್ತು ದಾಟಿದ ದೊಡ್ಡಪ್ಪನ್ನ ನೋಡಿ, ಕೈ ಮುಗಿದು, ಅದರಲ್ಲಿ ಳ ಬದ್ಲು ಲ ಹಾಕಿ ಹೇಳಿದ್ಲು. ಮಕ್ಕಳು ಬಿದ್ದು ಬಿದ್ದು ನಕ್ಕವು, ದೊಡ್ಡಪ್ಪ ಪಾಪ ಕಿವಿ ಕೇಳದೋರ ಹಾಗೆ ಕೂತಿದ್ರು, ಅರ್ಥ ಏನು ಅಂತ ಅವಳಿಗೆ ಹೇಳೋಕೆ ನಂಗೆ ರಾತ್ರಿ ತನಕ ಧೈರ್ಯ ಬರ್ಲಿಲ್ಲ. ನಾಲಿಗೆ ತುದೀನ ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗಿಸಿ ಮುಂದಕ್ಕೆ ಬಿಡೋದು ಡಿಸೆಂಬರ್ ಒಳಗೆ ಬರ್ದಿದ್ರೆ ಆ ವಾಕ್ಯಾನೂ ಬೇಡ, ಆ ಐದು ಮಾತಲ್ಲಿರೋ ಹೇಳೀನೂ ಬೇಡ, "ಏನಂದ್ರಿ?" ಅಂತ ಕಲಿಸಿ.

ಮಾತನ್ನ ಯಾವಾಗ್ಲೂ ಜೋಡಿಯಾಗೇ ಕಲಿಸಿ, ಪ್ರಶ್ನೆ ಜೊತೆ ಉತ್ತರ. "ಊಟ ಆಯ್ತಾ?" ಅಂದ್ರೆ ಊಟಕ್ಕೆ ಕರೀತಿದಾರೆ ಅಂತ ಇಲ್ಲಿಯವರು ಅಂದ್ಕೋತಾರೆ, ಬೀದೀಲಿ ಸಿಕ್ಕವರೆಲ್ಲಾ ಕೇಳಿದ್ರೆ ಗಾಬರಿ ಬೀಳ್ತಾರೆ. ಅದು ಹಲೋ ಇದ್ದ ಹಾಗೆ, "ಆಯ್ತು, ನಿಮ್ದು?" ಅಂದ್ರೆ ಸಾಕು ಅಂತ ಹೇಳಿ. ನಿಜ ಹೇಳೋಕ್ ಹೋಗಿ "ಇಲ್ಲ" ಅಂದ್ರೆ ಯಾರದ್ದೋ ಮನೇಲಿ ಎಲೆ ಮುಂದೆ ಕೂತಿರ್ತಾಳೆ. ಬಡಿಸೋವಾಗ ಬೇಡ ಅನ್ನೋದು ಕೆಲಸಕ್ಕೆ ಬರಲ್ಲ, ಇಲ್ಲಿ ಒಂದ್ಸಲ ನೈನ್ ಅಂದ್ರೆ ಮುಗೀತು, ನಮ್ಮಲ್ಲಿ ಮೊದಲ ಬೇಡ ಲೆಕ್ಕಕ್ಕೇ ಇಲ್ಲ. ಎಲೆ ಮೇಲೆ ಎರಡೂ ಕೈ ಅಡ್ಡ ಹಿಡಿದು "ಸಾಕು ಅತ್ತೆ, ಹೊಟ್ಟೆ ತುಂಬ್ತು" ಅನ್ಬೇಕು, ಅದೂ ಸಾರಿಗೆ ಮೊದಲ ಸಲ ಅನ್ನ ಬಂದಾಗ್ಲೇ, ಮೊಸರನ್ನದ ಹೊತ್ತಿಗೆ ಅಂದ್ರೆ ತಡ ಆಗಿರತ್ತೆ.

ಈ ವಾಕ್ಯಗಳನ್ನ ನಿಮ್ಮ ದನೀಲಿ ಕಲಿಸೋ ಬದ್ಲು ಅಮ್ಮನ ಹತ್ರಾನೇ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಮಾಡಿಸಿ ತರಿಸ್ಕೊಳ್ಳಿ, ಒಂದೊಂದು ವಾಕ್ಯ ಒಂದೊಂದು ಮೆಸೇಜ್. ಅಲ್ಲಿ ಹೋದ್ಮೇಲೆ ಅವಳು ಕೇಳೋದು ಆ ದನಿ, ಆ ಸ್ಪೀಡು. ನಾವು ಕಲಿಸೋವಾಗ ಬಿಡಿಸಿ ಬಿಡಿಸಿ ಹೇಳ್ತೀವಿ, ಅಮ್ಮಂದು ಎಲ್ಲಾ ಒಂದೇ ಉಸಿರು.

ಕೊನೇ ದಿನದ್ದೊಂದು ಮರೀಬೇಡಿ. ಚ್ಯೂಸ್ ಅನ್ನೋದಕ್ಕೆ ಕನ್ನಡದಲ್ಲಿ ಏನು ಅಂತ ಕೇಳೇ ಕೇಳ್ತಾಳೆ, ನೀವು ಅವಸರದಲ್ಲಿ "ಹೋಗ್ತೀವಿ" ಅಂತ ಹೇಳ್ಕೊಡ್ಬೇಡಿ, ಬಾಗ್ಲಲ್ಲಿ ನಿಂತು ಆ ಮಾತು ಅಂದ್ರೆ ನಿಮ್ಮಜ್ಜಿ ಬಿಡ್ತು ಅನ್ನು ಅಂತಾರೆ. "ಹೋಗಿ ಬರ್ತೀವಿ". ಅರಿಶಿನ ಕುಂಕುಮ ಕೊಟ್ಟಾಗ ಮಾತೇ ಬೇಡ, ಇಟ್ಕೊಂಡು ಕಾಲಿಗೆ ಬಿದ್ದು ಎದ್ದು ಅದೊಂದನ್ನ ಹೇಳ್ಲಿ, ಅದರಲ್ಲಿ ಳ ಕೂಡ ಇಲ್ಲ.