ಹಪ್ಪಳದ ನೂರು ರೂಪಾಯಿ ಎಲ್ಲಿ ಹೋಗುತ್ತದೆ?

ಮನೆಯಲ್ಲಿ ಹಲಸಿನ ಹಪ್ಪಳ ಮಾಡಿ ಪ್ಯಾಕೆಟ್ಟಿಗೆ 90 ರೂಪಾಯಿಯಂತೆ ಮಾರುತ್ತಿದ್ದೇನೆ. ಖರ್ಚು 62 ರೂಪಾಯಿ. ಮಂಗಳೂರಿನ ವಿತರಕರೊಬ್ಬರು ತಮಗೆ ಶೇ. 8, ಅಂಗಡಿಯವರಿಗೆ ಶೇ. 20 ಬೇಕೆನ್ನುತ್ತಾರೆ. ಎಂಆರ್‌ಪಿ 100 ಇಟ್ಟರೆ ಸಾಕೇ?
— ಓದುಗರೊಬ್ಬರು, ಉಡುಪಿ

ಸಾಲದು. ಆದರೆ ಮೊದಲು ವಿತರಕರನ್ನೇ ಕೇಳಿ: ಈ ಶೇಕಡಾ ಯಾವುದರ ಮೇಲೆ? ಅಂಗಡಿಯವರ 20 ಎಂಆರ್‌ಪಿ ಮೇಲಿನದಾದರೆ ಅವರು 80ಕ್ಕೆ ಕೊಳ್ಳುತ್ತಾರೆ. ಖರೀದಿ ದರದ ಮೇಲಿನದಾದರೆ 83 ರೂಪಾಯಿ 33 ಪೈಸೆಗೆ. ಬಾಯಿಮಾತಿನಲ್ಲಿ ಎರಡೂ 'ಇಪ್ಪತ್ತು ಪರ್ಸೆಂಟ್' ಎಂದೇ ಕೇಳಿಸುತ್ತದೆ.

ಎಂಆರ್‌ಪಿ ಮೇಲೆ ಎಂದೇ ಇಟ್ಟುಕೊಂಡು ಹಿಂದಿನಿಂದ ಲೆಕ್ಕ ಹಾಕೋಣ. 80ರಲ್ಲಿ ವಿತರಕರು ತಮ್ಮ ಖರೀದಿಯ ಮೇಲೆ ಶೇ. 8 ಇಟ್ಟುಕೊಂಡರೆ ನಿಮಗೆ ಸಿಗುವುದು 74. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲದ್ದರಿಂದ ಲೆಕ್ಕ ಇಷ್ಟು ಸರಳ. ಎಂಆರ್‌ಪಿಯಲ್ಲಿ ತೆರಿಗೆಯೂ ಅಡಗಿರುವ ಬೇರೆ ಸರಕಾದರೆ ಅದನ್ನು ಮೊದಲೇ ಕಳೆಯಬೇಕು. 62 ಹೋಗಿ 12 ಉಳಿಯಿತಲ್ಲ, ಅದು ಲಾಭವಲ್ಲ. ಒಂದೆರಡು ತಿಂಗಳಲ್ಲೇ 'ಹತ್ತಕ್ಕೆ ಒಂದು ಉಚಿತ' ಎಂಬ ಸ್ಕೀಮು ಕೇಳುತ್ತಾರೆ. ಹತ್ತರ ಹಣಕ್ಕೆ ಹನ್ನೊಂದು ಕೊಟ್ಟಾಗ ಪ್ಯಾಕೆಟ್ಟಿಗೆ ಬರುವುದು 67 ರೂಪಾಯಿ ಚಿಲ್ಲರೆ. ಉಳಿದ ಐದರಲ್ಲಿ ಪುಡಿಯಾಗಿ ವಾಪಸ್ಸು ಬಂದ ಹಪ್ಪಳದ ನಷ್ಟವೂ, ಬೇಸಿಗೆಯಲ್ಲಿ ಒಣಗಿಸಿ ಮಳೆಗಾಲಕ್ಕೆ ಮಾರುವವರೆಗೆ ಸಿಕ್ಕಿಬಿದ್ದ ಹಣದ ಬಡ್ಡಿಯೂ ಹೋಗಬೇಕು. (ಆ 62ರಲ್ಲಿ ತೊಳೆ ಬಿಡಿಸಿದ ಮನೆಯವರ ಕೂಲಿ ಸೇರಿದೆಯೇ? ಅದನ್ನು ಬರೆದಿಟ್ಟವರನ್ನು ನಾನು ಕಂಡಿಲ್ಲ.)

ಎಂಆರ್‌ಪಿ 110 ಇಟ್ಟು ನೋಡಿ. ಅಂಗಡಿಗೆ 88, ವಿತರಕರಿಗೆ 81 ರೂಪಾಯಿ 48 ಪೈಸೆ. ಸ್ಕೀಮು ಕೊಟ್ಟ ಮೇಲೂ ನಿಮ್ಮ ಕೈಗೆ 74. ಅಂದರೆ ಸ್ಕೀಮಿನ ಭಾರ ಮೊದಲೇ ಬೆಲೆಯೊಳಗೆ ಕುಳಿತಿದೆ. ಇದನ್ನು ಕವರ್ ಅಚ್ಚಾಗುವ ಮೊದಲೇ ತೀರ್ಮಾನಿಸಿ. ಎಂಆರ್‌ಪಿ ಇಳಿಸಲು ಚೀಟಿ ಅಂಟಿಸಬಹುದು, ಏರಿಸಲು ಕಾನೂನು ಬಿಡುವುದಿಲ್ಲ.

ಹಾಗೆಂದು ಅಂತರವನ್ನು ಬೇಕಾದಷ್ಟು ಹಿಗ್ಗಿಸಬೇಡಿ. ಅಂಗಡಿಯವರಿಗೆ ಶೇ. 35 ಬಿಟ್ಟರೆ ಒಬ್ಬರು ಹತ್ತು ರೂಪಾಯಿ ಇಳಿಸಿ ಮಾರುತ್ತಾರೆ, ಪಕ್ಕದವರು ಸಿಟ್ಟಾಗಿ ನಿಮ್ಮ ಸರಕನ್ನೇ ಕೈಬಿಡುತ್ತಾರೆ. ಕಡಿಮೆ ಬಿಟ್ಟಿದ್ದರೆ ಬೇರೆ ಲಕ್ಷಣ: ಪ್ಯಾಕೆಟ್ಟು ಕೆಳಗಿನ ಕಪಾಟಿನ ಹಿಂದಿನ ಸಾಲಿನಲ್ಲಿ, ಹಳೆಯ ತಾರೀಕಿನದ್ದು ಹಾಗೆಯೇ ಕುಳಿತಿರುತ್ತದೆ. ತಿಂಗಳಿಗೊಮ್ಮೆ ಗಿರಾಕಿಯಂತೆ ನಾಲ್ಕು ಅಂಗಡಿ ಹೊಕ್ಕು ಬನ್ನಿ. ವಿತರಕರ ಮಾತಿಗಿಂತ ಕಪಾಟು ಹೆಚ್ಚು ಹೇಳುತ್ತದೆ.

ಕೊನೆಯದಾಗಿ, ನಿಮ್ಮ ಮನೆ ಬಾಗಿಲಿನ ಆ 90. ಅಂಗಡಿಯವರು 88ಕ್ಕೆ ಕೊಂಡ ಸರಕನ್ನು ನೀವೇ 90ಕ್ಕೆ ಕೊಡುತ್ತಿದ್ದೀರೆಂದು ತಿಳಿದ ದಿನ ಅವರು ಆರ್ಡರ್ ನಿಲ್ಲಿಸುತ್ತಾರೆ. ಮನೆಯಲ್ಲೂ 110ಕ್ಕೇ ಮಾರಿ. ಹಳೆಯ ಗಿರಾಕಿಗಳಿಗೆ ಬೇಸರವಾಗುತ್ತದೆ ಎನಿಸಿದರೆ ಬೆಲೆ ಇಳಿಸದೆ, ಅಂಗಡಿಗೆ ಕೊಡದ ದೊಡ್ಡ ಅಳತೆಯ ಕಟ್ಟೊಂದನ್ನು ಅವರಿಗಾಗಿ ಬೇರೆಯೇ ಮಾಡಿ.