ಅಂದದ ಚಿತ್ರಕ್ಕೋ, ಯೋಚನೆಯ ಚಿತ್ರಕ್ಕೋ?

"ನಾಲ್ಕನೇ ಕ್ಲಾಸಿನ ಚಿತ್ರಸ್ಪರ್ಧೆಗೆ ನಾನೇ ತೀರ್ಪುಗಾರ್ತಿ. ವಿಷಯ 'ಮಳೆಗಾಲ'. ಸೃಜನಶೀಲತೆ, ಶ್ರಮ, ವಿಷಯಕ್ಕೆ ಹೊಂದಿಕೆ, ತಲಾ 10 ಅಂಕ. ಆದರೂ ನೀಟಾಗಿರೋದಕ್ಕೇ ಕೈ ಹೋಗುತ್ತೆ. ಏನು ಮಾಡಲಿ?"

ಒಂದು ಚಿತ್ರಕ್ಕೆ ಮೂರೂ ಅಂಕ ಒಟ್ಟಿಗೆ ಹಾಕಬೇಡಿ ಮೇಡಂ. ಅಂದ ಕಣ್ಣಿಗೆ ಹಿಡಿಸಿದರೆ ಮೂರು ಕಾಲಮ್ಮಿನಲ್ಲೂ 8 ಬೀಳುತ್ತೆ. ಹೆಸರು ಹಾಳೆಯ ಹಿಂದೆ ಬರೆಸಿ. ಮೊದಲು ಎಲ್ಲ ಚಿತ್ರಗಳಿಗೂ ಹೊಂದಿಕೆಯ ಅಂಕ ಮಾತ್ರ ಹಾಕಿ, ಆಮೇಲೆ ಹಾಳೆಗಳ ಕ್ರಮ ಬದಲಿಸಿ ಸೃಜನಶೀಲತೆಗೆ, ಕೊನೆಗೆ ಶ್ರಮಕ್ಕೆ.

ಉದಾಹರಣೆಗೆ, ಎರಡು ಗುಡ್ಡ, ನಡುವೆ ಸೂರ್ಯ, ತೆಂಗಿನಮರ, ಮೂಲೆಯಲ್ಲೊಂದು ಕೊಡೆ. ಬಣ್ಣ ಗೆರೆ ದಾಟಿಲ್ಲ. ಕೊಡೆ ಅಳಿಸಿದರೆ ಅದು ಯಾವ ವಿಷಯಕ್ಕೂ ಆಗುವ ಸೀನರಿ. ಹಾಗಾಗಿ ಹೊಂದಿಕೆಗೆ 3, ಸೃಜನಶೀಲತೆಗೆ 2, ಶ್ರಮಕ್ಕೆ 8, ಒಟ್ಟು 13. ಇನ್ನೊಂದರಲ್ಲಿ ಸೋರುವ ಹೆಂಚಿನ ಕೆಳಗೆ ಪಾತ್ರೆಗಳು, ಹಗ್ಗದ ಮೇಲೆ ಒಣಗದ ಯೂನಿಫಾರ್ಮ್. ಮನುಷ್ಯರ ಕೈ ಸೊಟ್ಟ. ಇದಕ್ಕೆ 9, 8, 6, ಅಂದರೆ 23.

ಗೊಂದಲ ಹೆಚ್ಚು ಶ್ರಮದಲ್ಲೇ. ದುಬಾರಿ ಬಣ್ಣ ಶ್ರಮವಲ್ಲ. ಅಳಿಸಿ ತಿದ್ದಿದ ಗುರುತು, ಮುಗಿಸಿದ ಹಿನ್ನೆಲೆ, ಒಂದೊಂದೇ ಬರೆದ ಹೆಂಚು ನೋಡಿ. ಮನೆಯಿಂದ ತಂದ ಚಿತ್ರದಲ್ಲಿ ಅಪ್ಪ-ಅಮ್ಮನ ಕೈ ಎಷ್ಟಿದೆ ಅಂತ ಹೇಳೋಕಾಗಲ್ಲ, ತರಗತಿಯಲ್ಲೇ ಬರೆಸಿ.

ಮೊದಲು ನೋಡಿದ ಐದಾರು ಹಾಳೆಗಳನ್ನು ಕೊನೆಗೆ ಇನ್ನೊಮ್ಮೆ ನೋಡಿ, ಶುರುವಿನಲ್ಲಿ ಕೈ ಬಿಗಿ ಇರುತ್ತೆ. ಸಮ ಬಂದರೆ ಯಾವ ಅಂಕ ಮೇಲು ಅನ್ನೋದನ್ನು ಮೊದಲೇ ಬರೆದಿಡಿ. ನಾನಾದರೆ ಸೃಜನಶೀಲತೆ ಅಂತೀನಿ.